ಒಂದು ಪುಟದ ವಾರ್ತಾಪತ್ರವನ್ನು ಎರಡು ಅಂಕಣದ ಕರಪತ್ರ ಮಾಡುವುದು ಹೇಗೆ?



ಸಂಘಕ್ಕೆ ಬರುವ ಒಂದು ಪುಟದ ವಾರ್ತಾಪತ್ರ ಗೋಡೆಯ ಮೇಲೆ ಅಂಟಿರುತ್ತದೆ. ಬೆಳಿಗ್ಗೆ ಹಾಲು ಹಾಕಲು ಬಂದವರಲ್ಲಿ ಅದನ್ನು ನಿಂತು ಓದುವವರು ಎಷ್ಟು ಮಂದಿ? ಕ್ಯಾನು ಕೈಯಲ್ಲಿ, ಮಗು ಶಾಲೆಗೆ ಹೊರಡಬೇಕು, ಮನೆಯಲ್ಲಿ ಹಸು ಕೂಗುತ್ತಿದೆ. ಅಂಚಿನಿಂದ ಅಂಚಿಗೆ ಒತ್ತಾಗಿ ತುಂಬಿದ ಮೂವತ್ತು ಸಾಲುಗಳನ್ನು ಓದುವ ಪುರುಸೊತ್ತು ಯಾರಿಗೂ ಇಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯ ಕೆಲವು ಮಹಿಳಾ ಸಂಘಗಳಲ್ಲಿ ಕಾರ್ಯದರ್ಶಿ ಅಕ್ಕಂದಿರು, "ಡಾಕ್ಟ್ರೇ, ಇದನ್ನೇ ಮನೆಗೆ ತಗೊಂಡು ಹೋಗೋ ಹಾಗೆ ಮಾಡಿಕೊಡಿ" ಎಂದು ಕೇಳಿದ್ದಾರೆ. ನಾನು ಮಾಡಿಯೂ ಕೊಟ್ಟೆ. ಮೊದಲ ಎರಡು ಸಲ ತಪ್ಪು ಮಾಡಿದೆ. ಆ ತಪ್ಪುಗಳಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿಗೆ ಹೋಗುವ ಮಗಳೋ ಸೊಸೆಯೋ ಕಂಪ್ಯೂಟರ್ ಬಲ್ಲವರಾಗಿದ್ದರೆ ಮನೆಯಲ್ಲೇ ಮಾಡಬಹುದು. ಇಲ್ಲದಿದ್ದರೆ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಪಕ್ಕದಲ್ಲಿ ಕುಳಿತು ಮಾಡಿಸಬಹುದು.

ಉದಾಹರಣೆಗೆ ಕೆಚ್ಚಲು ಬಾವಿನ ಬಗ್ಗೆ ನಾನೇ ಬರೆದಿದ್ದ ಒಂದು ಪುಟವನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 400 ಪದಗಳಿದ್ದವು. ತಲೆಬರಹಗಳು ನಾಲ್ಕು: ಪೀಠಿಕೆ, ಕಾರಣಗಳು, ಲಕ್ಷಣಗಳು, ನಿಯಂತ್ರಣ. ಕಾಲೇಜಿನಲ್ಲಿ ಪರೀಕ್ಷೆಗೆ ಬರೆದು ಬರೆದು ಬಂದ ಅಭ್ಯಾಸ ಅದು.

ಮೊದಲು ಜಾಗದ ಲೆಕ್ಕ ಮಾಡಿ

ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ನಾಲ್ಕೂ ಕಡೆ 15 ಮಿ.ಮೀ. ಅಂಚು ಬಿಡಿ. ತೀರಾ ಕಡಿಮೆ ಬಿಟ್ಟರೆ ಹಲವು ಯಂತ್ರಗಳಲ್ಲಿ ತುದಿಯ ಅಕ್ಷರ ಕಟ್ಟಾಗುತ್ತದೆ. ಎರಡು ಅಂಕಣಗಳ ನಡುವೆ 10 ಮಿ.ಮೀ. ಬಿಟ್ಟರೆ ಒಂದೊಂದು ಅಂಕಣಕ್ಕೆ 85 ಮಿ.ಮೀ. ಅಗಲ ಉಳಿಯುತ್ತದೆ. ಅಕ್ಷರದ ಅಳತೆ 12 ಇಟ್ಟರೆ ಒಂದು ಸಾಲಿನಲ್ಲಿ ನಾಲ್ಕೈದು ಕನ್ನಡ ಪದಗಳು ಕೂರುತ್ತವೆ. ಕನ್ನಡದ ಸಾಲಿಗೆ ಕೆಳಗೆ ಒತ್ತಕ್ಷರ, ಮೇಲೆ ಗುಣಿತ ಎರಡಕ್ಕೂ ಜಾಗ ಬೇಕಾದ್ದರಿಂದ ಒಂದು ಸಾಲು ಹೆಚ್ಚುಕಡಿಮೆ 6 ಮಿ.ಮೀ. ಎತ್ತರ ಹಿಡಿಯುತ್ತದೆ.

ಮೇಲಿನ ದೊಡ್ಡ ಶೀರ್ಷಿಕೆಗೆ 30 ಮಿ.ಮೀ. ಹೋದರೆ ಅಂಕಣಕ್ಕೆ 39 ಸಾಲು, ಎರಡೂ ಸೇರಿ 78 ಸಾಲು ಸಿಗುತ್ತದೆ. ನಾಲ್ಕು ತಲೆಬರಹಗಳು ಎಂಟು ಸಾಲಿನ ಜಾಗ ತಿನ್ನುತ್ತವೆ. ಎರಡು ಕಡೆ ದೊಡ್ಡಕ್ಷರದಲ್ಲಿ ಎತ್ತಿ ತೋರಿಸುವ ಮಾತು ಹಾಕಿದರೆ ಇನ್ನು ಹತ್ತು ಸಾಲು ಹೋಗುತ್ತದೆ. ಬರಹಕ್ಕೆ ಉಳಿಯುವುದು ಅರವತ್ತು ಸಾಲು, ಅಂದರೆ ಸುಮಾರು 270 ಪದ. ನನ್ನ ಪುಟದಲ್ಲಿ 400 ಇದ್ದವು.

ಇಲ್ಲಿಯೇ ಬಹಳ ಮಂದಿ ಎಡವುವುದು. ಪದ ಕಡಿಮೆ ಮಾಡುವ ಬದಲು ಅಕ್ಷರದ ಅಳತೆಯನ್ನು 12ರಿಂದ 9ಕ್ಕೆ ಇಳಿಸುತ್ತಾರೆ. ಎಲ್ಲವೂ ಒಂದೇ ಪುಟಕ್ಕೆ ಬರುತ್ತದೆ, ಆದರೆ ಕೊಟ್ಟಿಗೆಯ ಮಂದ ಬೆಳಕಿನಲ್ಲಿ ನಲವತ್ತು ದಾಟಿದ ಕಣ್ಣಿಗೆ ಅದು ಕಾಣುವುದಿಲ್ಲ. ಅಕ್ಷರ ಇಳಿಸಬೇಡಿ, ಪದ ತೆಗೆಯಿರಿ. ನಾನು ತೆಗೆದದ್ದು ಪೂರ್ತಿ ಪೀಠಿಕೆ, ರೋಗಾಣುಗಳ ಹೆಸರುಗಳು, ಮತ್ತು "ಆದ್ದರಿಂದ ರೈತರು ಜಾಗ್ರತೆ ವಹಿಸುವುದು ಅತ್ಯವಶ್ಯಕವಾಗಿರುತ್ತದೆ" ಎಂಬಂತಹ ನಾಲ್ಕು ವಾಕ್ಯಗಳು. 130 ಪದ ಅಲ್ಲೇ ಹೋಯಿತು. ಯಾವ ಹಸುವಿಗೂ ಅದರಿಂದ ನಷ್ಟವಾಗಲಿಲ್ಲ.

ತಲೆಬರಹವೇ ಕೆಲಸ ಹೇಳಲಿ

ಎರಡು ಅಂಕಣದ ಹಾಳೆಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಕಣ್ಣು ದಪ್ಪಕ್ಷರದಿಂದ ದಪ್ಪಕ್ಷರಕ್ಕೆ ಹಾರುತ್ತದೆ. "ನಿಯಂತ್ರಣ" ಎಂಬ ತಲೆಬರಹವನ್ನು ಮಾತ್ರ ಓದಿದವರಿಗೆ ಏನು ಗೊತ್ತಾಯಿತು? ಏನೂ ಇಲ್ಲ. ತಲೆಬರಹಗಳನ್ನಷ್ಟೇ ಓದಿ ಎದ್ದು ಹೋದವರಿಗೂ ಮಾಡಬೇಕಾದ ಕೆಲಸ ತಿಳಿದಿರಬೇಕು. ಹಾಗಾಗಿ ನನ್ನ ನಾಲ್ಕು ತಲೆಬರಹಗಳು ಹೀಗೆ ಬದಲಾದವು:

ಮೊದಲ ಹಾಲನ್ನು ಕಪ್ಪು ಬಟ್ಟಲಿಗೆ ಹಿಂಡಿ ನೋಡಿ
ಬಾವು ಇರುವ ಹಸುವನ್ನು ಕೊನೆಯಲ್ಲಿ ಹಿಂಡಿ
ಹಿಂಡಿದ ಮೇಲೆ ತೊಟ್ಟು ಅದ್ದಿ, ಅರ್ಧ ಗಂಟೆ ಮಲಗಿಸಬೇಡಿ
ಔಷಧಿ ಕೊಟ್ಟ ಹಸುವಿನ ಹಾಲು ಬೇರೆ ಇಡಿ

ಮೂರನೆಯದರ ಕೆಳಗಿನ ಬರಹ ಹೇಗೆ ಬದಲಾಯಿತು ಎಂಬುದನ್ನೂ ನೋಡಿ. ಮೊದಲು ಹೀಗಿತ್ತು: "ಹಾಲು ಹಿಂಡಿದ ನಂತರ ಮೊಲೆತೊಟ್ಟಿನ ರಂಧ್ರವು ಸಂಪೂರ್ಣವಾಗಿ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ, ಸದರಿ ಅವಧಿಯಲ್ಲಿ ರೋಗಾಣುಗಳು ಪ್ರವೇಶಿಸದಂತೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ರಾಸು ಮಲಗದಂತೆ ನೋಡಿಕೊಳ್ಳತಕ್ಕದ್ದು." ಈಗ ಹೀಗಿದೆ: "ಹಾಲು ಹಿಂಡಿದ ಮೇಲೆ ತೊಟ್ಟಿನ ತೂತು ಅರ್ಧ ಗಂಟೆ ತೆರೆದೇ ಇರುತ್ತದೆ. ಹಸು ಆಗ ಮಲಗಿದರೆ ಸಗಣಿಯಲ್ಲಿರುವ ರೋಗಾಣು ಒಳಗೆ ಹೋಗುತ್ತದೆ. ಹಿಂಡಿದ ಕೂಡಲೇ ನಾಲ್ಕೂ ತೊಟ್ಟುಗಳನ್ನು ದ್ರಾವಣದಲ್ಲಿ ಅದ್ದಿ. ಗೊಂತಿಗೆ ಹುಲ್ಲು ಹಾಕಿ, ತಿನ್ನುತ್ತಾ ನಿಂತಿರುತ್ತದೆ." ಉದ್ದ ವಾಕ್ಯ ಅಗಲ ಪುಟದಲ್ಲಿ ಎರಡು ಸಾಲಿಗೆ ಮುಗಿಯುತ್ತದೆ. 85 ಮಿ.ಮೀ. ಅಂಕಣದಲ್ಲಿ ಅದೇ ವಾಕ್ಯ ಐದಾರು ಸಾಲು ಇಳಿದುಕೊಂಡು ಹೋಗುತ್ತದೆ, ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ.

ನಮ್ಮ ಗಡಿ ಹೋಬಳಿಗಳಲ್ಲಿ ಮನೆಮಾತು ತೆಲುಗು ಆಗಿರುವವರು ಬಹಳ ಇದ್ದಾರೆ. ಮಗಳು ಕನ್ನಡದಲ್ಲಿ ಓದುತ್ತಾಳೆ, ಅಮ್ಮನಿಗೆ ತೆಲುಗಿನಲ್ಲಿ ಹೇಳುತ್ತಾಳೆ. "ಸದರಿ ಅವಧಿ", "ನೋಡಿಕೊಳ್ಳತಕ್ಕದ್ದು" ಎಂದು ಬರೆದರೆ ಆ ಮಗು ಅಲ್ಲೇ ನಿಲ್ಲುತ್ತದೆ. "ಕೆಚ್ಚಲು" ಎಂದರೆ ಸಾಕು, ಮನೆಯಲ್ಲಿ "ಪೊದುಗು" ಎನ್ನುವವರಿಗೂ ಅದು ಗೊತ್ತು.

ಎತ್ತಿ ತೋರಿಸುವ ಮಾತು: ಇಲ್ಲಿ ನಾನು ಮಾಡಿದ ತಪ್ಪು

ಬರಹದ ನಡುವಿನಿಂದ ಒಂದು ವಾಕ್ಯವನ್ನು ಎತ್ತಿ, ಮೇಲೆ ಕೆಳಗೆ ಗೆರೆ ಎಳೆದು, ದೊಡ್ಡಕ್ಷರದಲ್ಲಿ ಮತ್ತೆ ಹಾಕುವುದನ್ನು ಡಿಟಿಪಿಯವರು ಪುಲ್ ಕೋಟ್ ಎನ್ನುತ್ತಾರೆ. ನೀವು ಅಂಗಡಿಯಲ್ಲಿ ಅದೇ ಹೆಸರು ಹೇಳಿದರೆ ಸಾಕು. ದಿನಪತ್ರಿಕೆಗಳಲ್ಲಿ ಸಂದರ್ಶನಗಳ ಮಧ್ಯೆ ಇದನ್ನು ನೋಡಿರುತ್ತೀರಿ. ಪತ್ರಿಕೆಯಲ್ಲಿ ಅದು ಓದುಗರನ್ನು ಸೆಳೆಯಲು ಇರುತ್ತದೆ. ನಮ್ಮ ಹಾಳೆಯಲ್ಲಿ ಹಲವರು ಓದುವುದು ಅದೊಂದನ್ನೇ. ಆದ್ದರಿಂದ ಅದು ಒಂಟಿಯಾಗಿ ನಿಂತಾಗಲೂ ಸರಿಯಾಗಿರಬೇಕು.

ನನ್ನ ಮೊದಲ ಕರಪತ್ರದ ಬರಹದಲ್ಲಿ ಈ ವಾಕ್ಯ ಇತ್ತು: "ಕೆಚ್ಚಲಿಗೆ ಔಷಧಿ ಏರಿಸಿದ ಹಸುವಿನ ಹಾಲನ್ನು, ಡಾಕ್ಟರು ಹೇಳಿದಷ್ಟು ದಿನ ಮುಗಿಯುವವರೆಗೆ, ಸಂಘಕ್ಕೆ ಹಾಕಬೇಡಿ." ದೊಡ್ಡಕ್ಷರದಲ್ಲಿ ಹಾಕುವಾಗ ಅದು ಆರು ಸಾಲು ಹಿಡಿಯಿತು. ನಾನು ನಡುವಿನ ಭಾಗ ತೆಗೆದು "ಔಷಧಿ ಕೊಟ್ಟ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ" ಎಂದಷ್ಟೇ ಇಟ್ಟೆ. ನೋಡಲು ಚೆನ್ನಾಗಿತ್ತು.

ಶ್ರೀನಿವಾಸಪುರ ಕಡೆಯ ಒಬ್ಬ ತಾಯಿ ಅದನ್ನು ಓದಿ ಹತ್ತು ದಿನ ಹಾಲು ಹಾಕಲಿಲ್ಲ. ಅವರ ಹಸುವಿಗೆ ನಾನು ಹೇಳಿದ್ದ ಗಡುವು ನಾಲ್ಕು ದಿನ. ಉಳಿದ ಆರು ದಿನದ ಹಾಲು ಗಟಾರಕ್ಕೆ ಹೋಯಿತು, ಆ ವಾರದ ಬಟವಾಡೆಯಲ್ಲಿ ಅವರ ಹೆಸರಿನ ಮುಂದೆ ಸೊನ್ನೆ. "ನೀವೇ ಹಾಕಬೇಡಿ ಅಂತ ದೊಡ್ಡದಾಗಿ ಬರೆದಿದ್ದೀರಲ್ಲ ಡಾಕ್ಟ್ರೇ" ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. "ಎಷ್ಟು ದಿನ" ಎಂಬುದು ಸಣ್ಣಕ್ಷರದಲ್ಲಿ ಉಳಿದುಹೋಗಿತ್ತು.

ಅಂದಿನಿಂದ ಎತ್ತಿದ ಮಾತಿಗೆ ಎರಡು ಕಟ್ಟಳೆ ಹಾಕಿಕೊಂಡಿದ್ದೇನೆ. "ಬೇಡ" ಎಂದು ಹೇಳಿದರೆ "ಎಲ್ಲಿಯವರೆಗೆ" ಎಂಬುದೂ ಅದೇ ಚೌಕಟ್ಟಿನಲ್ಲಿ ಇರಬೇಕು. "ಮಾಡಿ" ಎಂದು ಹೇಳಿದರೆ "ಯಾವಾಗ" ಎಂಬುದೂ ಇರಬೇಕು. ಈಗಿನ ಕರಪತ್ರದಲ್ಲಿ ಆ ಮಾತು ಹೀಗಿದೆ: "ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಹಾಕಬಾರದು? ಡಾಕ್ಟರನ್ನು ಕೇಳಿ, ಇಲ್ಲಿ ಬರೆದಿಡಿ: ____ ದಿನ." ಆ ಖಾಲಿ ಜಾಗದಲ್ಲಿ ಈಗ ನಾನೇ ಪೆನ್ನಿನಲ್ಲಿ ಬರೆದು ಬರುತ್ತೇನೆ. ಔಷಧಿಯಿಂದ ಔಷಧಿಗೆ ದಿನಗಳು ಬೇರೆಯಾಗುವುದರಿಂದ ಒಂದೇ ಅಂಕಿಯನ್ನು ಅಚ್ಚು ಹಾಕುವುದು ಸರಿಯಲ್ಲ.

ಒಂದು ಪುಟಕ್ಕೆ ಎತ್ತಿದ ಮಾತು ಎರಡು ಸಾಕು, ಅಂಕಣಕ್ಕೆ ಒಂದರಂತೆ. ನಾಲ್ಕು ಹಾಕಿದರೆ ಯಾವುದೂ ಎದ್ದು ಕಾಣುವುದಿಲ್ಲ. ಅಳತೆ 16 ಇಡಿ, ಹದಿನೈದು ಪದದೊಳಗೆ ಇರಲಿ. ಅದು ಯಾವ ತಲೆಬರಹಕ್ಕೆ ಸೇರಿದೆಯೋ ಅದರ ಕೆಳಗೇ ಇರಬೇಕು, ಪಕ್ಕದ ವಿಷಯದ ನಡುವೆ ಹೋಗಿ ಕೂರಬಾರದು.

ಅಂಕಣಗಳ ನಡುವಿನ ಜಾಗ

ಎರಡನೆಯ ತಪ್ಪು ಮುಳಬಾಗಿಲು ಕಡೆಯ ಸಂಘದಲ್ಲಿ ಗೊತ್ತಾಯಿತು. ಪದಗಳು ಹಿಡಿಸಲಿಲ್ಲ ಎಂದು ನಾನು ಅಂಕಣಗಳ ನಡುವಿನ ಜಾಗವನ್ನು 3 ಮಿ.ಮೀ.ಗೆ ಇಳಿಸಿದ್ದೆ, ನಡುವೆ ಗೆರೆಯೂ ಇರಲಿಲ್ಲ. ಎಡ ಅಂಕಣದ ಒಂದು ಸಾಲು "ಹಿಂಡುವ ಮುಂಚೆ ಕೆಚ್ಚಲನ್ನು" ಎಂದು ಮುಗಿದು, "ತೊಳೆದು ಒರೆಸಿ" ಎಂಬುದು ಕೆಳಗಿನ ಸಾಲಿಗೆ ಹೋಗಿತ್ತು. ಅದೇ ಎತ್ತರದಲ್ಲಿ ಬಲ ಅಂಕಣದಲ್ಲಿ "ದ್ರಾವಣದಲ್ಲಿ ಅದ್ದಿ" ಎಂದಿತ್ತು. ಸಭೆಯಲ್ಲಿ ಒಬ್ಬ ಅಕ್ಕ ಗಟ್ಟಿಯಾಗಿ ಓದಿದರು: "ಹಿಂಡುವ ಮುಂಚೆ ಕೆಚ್ಚಲನ್ನು ದ್ರಾವಣದಲ್ಲಿ ಅದ್ದಿ." ಯಾವಾಗಲೂ ಅಗಲ ಪುಟ ಓದಿದವರ ಕಣ್ಣು ಬಲ ಅಂಚಿನವರೆಗೆ ಹೋಗಿಯೇ ನಿಲ್ಲುತ್ತದೆ. ಹಾಗೆ ಮಾಡಿ, ಒರೆಸದೆ ಹಿಂಡಿದರೆ ಅಯೋಡಿನ್ ಹಾಲಿಗೆ ಇಳಿಯುತ್ತದೆ. ಸಭೆಯಲ್ಲಿ ಓದಿಸಿದ್ದರಿಂದ ಬಚಾವಾದೆವು.

ಜಾಗ 10 ಮಿ.ಮೀ.ಗಿಂತ ಕಡಿಮೆ ಬೇಡ. ನಡುವೆ ಮೇಲಿನಿಂದ ಕೆಳಗೆ ಒಂದು ಸಣ್ಣ ಗೆರೆ ಇರಲಿ. ಆ ಗೆರೆಯನ್ನು ದಾಟಿ ಯಾರೂ ಓದಿದ್ದನ್ನು ಆಮೇಲೆ ನಾನು ಕಂಡಿಲ್ಲ.

ಕಂಪ್ಯೂಟರಿನಲ್ಲಿ ಮಾಡುವ ಕ್ರಮ

ಮೊದಲು ಅಕ್ಷರದ ತೊಂದರೆ ನೋಡಿಕೊಳ್ಳಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ "ಕನ್ನಡ" ಎಂಬುದು `PÀ£ÀßqÀ` ಎಂದು ಕಾಣಬಹುದು. ಫೈಲು ಹಾಳಾಗಿಲ್ಲ, ಗಾಬರಿಯಾಗಬೇಡಿ. ನುಡಿ ತಂತ್ರಾಂಶದಲ್ಲೇ ಇರುವ ಪರಿವರ್ತಕದಿಂದ ಅದನ್ನು ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ. ವಾಟ್ಸಾಪಿನಲ್ಲಿ ಬಂದ ಬರಹ ಯೂನಿಕೋಡಿನಲ್ಲೇ ಇರುತ್ತದೆ, ಅದನ್ನು ನೇರವಾಗಿ ಹಾಕಿಕೊಳ್ಳಬಹುದು. ಪಿಡಿಎಫ್‌ನಿಂದ ನಕಲು ಮಾಡಿದರೆ ಮಾತ್ರ ಕನ್ನಡ ಅಕ್ಷರಗಳು ಹಲವು ಸಲ ಒಡೆದುಹೋಗುತ್ತವೆ. ತಿದ್ದುತ್ತಾ ಕೂರುವುದಕ್ಕಿಂತ ಮತ್ತೆ ಟೈಪ್ ಮಾಡುವುದೇ ಬೇಗ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಶೀರ್ಷಿಕೆ ಟೈಪ್ ಮಾಡಿ, ಅದರ ಕೆಳಗೆ ಕರ್ಸರ್ ಇಟ್ಟು `Layout` → `Breaks` → `Continuous` ಒತ್ತಿ. ಇದನ್ನು ಬಿಟ್ಟರೆ ಶೀರ್ಷಿಕೆಯೂ ಎಡ ಅಂಕಣದೊಳಗೆ ಹೋಗಿ ಮುದುಡುತ್ತದೆ. ಆಮೇಲೆ `Layout` → `Columns` → `More Columns...` ತೆರೆದು `Two` ಆರಿಸಿ, `Spacing` ಎದುರು 1 ಸೆಂ.ಮೀ. ಹಾಕಿ, `Line between` ಮುಂದೆ ಟಿಕ್ ಮಾಡಿ. `Apply to` ಎದುರು `This section` ಇರಬೇಕು.

ತಲೆಬರಹಕ್ಕೆ ಬರೀ ದಪ್ಪ ಮಾಡಿ ಬಿಡಬೇಡಿ, `Heading 2` ಕೊಡಿ. ಹಾಗೆ ಕೊಟ್ಟರೆ ತಲೆಬರಹ ಎಡ ಅಂಕಣದ ತಳದಲ್ಲಿ ಒಂಟಿಯಾಗಿ ಉಳಿದು, ಅದರ ಬರಹ ಬಲ ಅಂಕಣದ ಮೇಲೆ ಹೋಗುವುದು ತಪ್ಪುತ್ತದೆ. ಒಂದು ವಿಷಯ ಪೂರ್ತಿ ಬಲ ಅಂಕಣದಿಂದಲೇ ಶುರುವಾಗಲಿ ಎಂದಿದ್ದರೆ ಅದರ ಮುಂದೆ ಕರ್ಸರ್ ಇಟ್ಟು `Layout` → `Breaks` → `Column` ಒತ್ತಿ. ಎಂಟರ್ ಒತ್ತಿ ಒತ್ತಿ ಕೆಳಗೆ ತಳ್ಳಿದರೆ, ನಾಳೆ ಒಂದು ಪದ ತಿದ್ದಿದಾಗ ಎಲ್ಲವೂ ಜರುಗುತ್ತದೆ.

ಎತ್ತಿದ ಮಾತಿಗೆ ಅಂಗಡಿಯವರು ಟೆಕ್ಸ್ಟ್ ಬಾಕ್ಸ್ ಹಾಕುತ್ತಾರೆ. ಅದು ಬರಹದ ಮೇಲೆ ತೇಲುತ್ತದೆ, ತಿದ್ದುವಾಗ ಯಾವುದೋ ಸಾಲಿನ ಮೇಲೆ ಹೋಗಿ ಕೂತು ಅದನ್ನು ಮುಚ್ಚುತ್ತದೆ. ಅದರ ಬದಲು ಅದನ್ನು ಮಾಮೂಲಿ ಪ್ಯಾರಾ ಆಗಿಯೇ ಟೈಪ್ ಮಾಡಿ, ಅಳತೆ 16 ಮಾಡಿ, `Home` → `Borders` ನಲ್ಲಿ `Top Border` ಮತ್ತು `Bottom Border` ಕೊಡಿ. ಬರಹದ ಜೊತೆಗೇ ಅದೂ ಸರಿಯುತ್ತದೆ.

ಇನ್ನೆರಡು ಸಣ್ಣ ವಿಷಯ. ಬರಹವನ್ನು ಎಡಕ್ಕೆ ಮಾತ್ರ ಸರಿಮಾಡಿ, ಎರಡೂ ಅಂಚಿಗೆ ಎಳೆಯಬೇಡಿ. ಕನ್ನಡದ ಪದಗಳು ಉದ್ದ, ಸಾಲಿಗೆ ನಾಲ್ಕೇ ಇರುವುದರಿಂದ ಎಳೆದರೆ ಪದಗಳ ನಡುವೆ ಹಲ್ಲು ಬಿದ್ದ ಬಾಯಿಯಂತೆ ಸಂದು ಬೀಳುತ್ತದೆ. ಸಾಲಿನ ಅಂತರಕ್ಕೆ `Exactly` ಆರಿಸಬೇಡಿ, ಕಡಿಮೆ ಅಂಕಿ ಕೊಟ್ಟಿದ್ದರೆ "ಕೆಚ್ಚಲು" ಪದದ ಒತ್ತು ಕತ್ತರಿಸಿ ಹೋಗುತ್ತದೆ. `Single` ಇಟ್ಟು, ತೀರಾ ಒತ್ತಾಗಿ ಕಂಡರೆ ಮಾತ್ರ ಹೆಚ್ಚಿಸಿ. ಹಣ ಕೊಡದೆ ಸಿಗುವ ಲಿಬ್ರೆ ಆಫೀಸ್ ಇದ್ದರೂ ಇದೆಲ್ಲ ಆಗುತ್ತದೆ. ಅಲ್ಲಿ ಶೀರ್ಷಿಕೆ ಬಿಟ್ಟು ಉಳಿದ ಬರಹವನ್ನು ಆಯ್ಕೆ ಮಾಡಿ `Format` → `Columns...` ಒತ್ತಬೇಕು.

ಅಚ್ಚು ಹಾಕಿಸುವ ಮುಂಚೆ

ಅಂಗಡಿಗೆ ಪಿಡಿಎಫ್ ಮಾಡಿಕೊಂಡು ಹೋಗಿ. ವರ್ಡ್ ಫೈಲನ್ನೇ ಕೊಟ್ಟರೆ ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇರದೆ ಬೇರೆಯದು ಬಂದು, ಸಾಲುಗಳು ಬೆಳೆದು, ಕೊನೆಯ ನಾಲ್ಕು ಸಾಲು ಎರಡನೇ ಪುಟಕ್ಕೆ ಹೋಗುತ್ತವೆ. ಔಷಧಿಯ ವಿಷಯ ಇರುವುದೇ ಕೊನೆಯಲ್ಲಿ.

ಮೊದಲು ಒಂದೇ ಪ್ರತಿ ತೆಗೆಸಿ, ಆ ಪ್ರತಿಯನ್ನೇ ಒಮ್ಮೆ ಜೆರಾಕ್ಸ್ ಮಾಡಿಸಿ ನೋಡಿ, ಏಕೆಂದರೆ ಊರಿನಲ್ಲಿ ಕೈಗೆ ಸಿಗುವುದು ಜೆರಾಕ್ಸ್‌ನ ಜೆರಾಕ್ಸ್. ಎತ್ತಿದ ಮಾತಿನ ಹಿಂದೆ ಚೆಂದಕ್ಕೆಂದು ಬೂದು ಬಣ್ಣ ಹಾಕಿದ್ದರೆ ಎರಡನೇ ಜೆರಾಕ್ಸ್‌ನಲ್ಲಿ ಅದು ಕಪ್ಪು ಕಲೆಯಾಗಿ ಅಕ್ಷರವನ್ನು ನುಂಗುತ್ತದೆ. ಕೆಚ್ಚಲಿನ ಫೋಟೋದ ಗತಿಯೂ ಅಷ್ಟೇ. ಚಿತ್ರ ಬೇಕೆಂದರೆ ಗೆರೆಯಲ್ಲಿ ಬರೆದ ಚಿತ್ರ ಹಾಕಿ.

ಆ ಪ್ರತಿಯನ್ನು ಸಂಘದಲ್ಲಿ ಇಬ್ಬರ ಕೈಗೆ ಕೊಡಿ. ಒಬ್ಬರು ನಿಧಾನವಾಗಿ ಓದುವವರಾಗಿರಲಿ. ಏನೂ ವಿವರಿಸದೆ ಗಟ್ಟಿಯಾಗಿ ಓದಲು ಹೇಳಿ, ಅವರು ಯಾವ ಸಾಲಿನಿಂದ ಯಾವ ಸಾಲಿಗೆ ಹೋಗುತ್ತಾರೆ ಎಂದು ಗಮನಿಸಿ. ಆಮೇಲೆ ಹಾಳೆ ಮಡಚಿ ಎರಡೇ ಪ್ರಶ್ನೆ ಕೇಳಿ: "ತೊಟ್ಟು ಅದ್ದುವುದು ಯಾವಾಗ?" "ಔಷಧಿ ಕೊಟ್ಟ ಮೇಲೆ ಮತ್ತೆ ಹಾಲು ಹಾಕುವುದು ಯಾವಾಗ?" ಉತ್ತರ ತಪ್ಪಿದರೆ ಓದಿದವರಿಗೆ ತಿಳಿಸಿ ಹೇಳಿ ಮುಗಿಸಬೇಡಿ, ಹಾಳೆಯನ್ನು ತಿದ್ದಿ. ಮುಳಬಾಗಿಲು ಕಡೆಯ ಆ ಸಂಘದ ಹಾಳೆಯನ್ನು ಮೂರು ಸಲ ತಿದ್ದಿದ ಮೇಲೆ ಅಚ್ಚಿಗೆ ಕೊಟ್ಟೆವು.

ಕೆಳಗಿನ ಅಂಚಿನಲ್ಲಿ ಸಂಘದ ಹೆಸರು ಮತ್ತು ತಿಂಗಳು, ವರ್ಷ ಹಾಕುವುದನ್ನು ಮರೆಯಬೇಡಿ. ನನ್ನ ಮೊದಲ ಕರಪತ್ರದಲ್ಲಿ ಅದು ಇರಲಿಲ್ಲ. ಹೊಸದು ಕೊಟ್ಟ ಮೇಲೂ ಹಳೆಯ ತಪ್ಪು ಹಾಳೆ ಕೆಲವು ಕೊಟ್ಟಿಗೆಗಳ ಕಂಬದಲ್ಲಿ ಇನ್ನೂ ನೇತಾಡುತ್ತಿದೆ. ನಿಮ್ಮ ಮನೆಯಲ್ಲಿ "ಔಷಧಿ ಕೊಟ್ಟ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ" ಎಂದಷ್ಟೇ ದೊಡ್ಡಕ್ಷರದಲ್ಲಿರುವ, ತಿಂಗಳು ಹಾಕದ ಹಾಳೆ ಇದ್ದರೆ ತೆಗೆದುಬಿಡಿ. ಸಂಘದಲ್ಲಿ ಕೇಳಿದರೆ ಹೊಸದನ್ನು ಕೊಡುತ್ತಾರೆ.